ಹನ್ನೆರಡನೇ ರೂಮಿನ ಟಿವಿ: ಕಾರವಾರದ ಲಾಡ್ಜಿನಲ್ಲಿ ತೆರೆಯದ ಲಾಗಿನ್ ಪುಟ

ಜುಲೈ ತಿಂಗಳು. ಶಿರಸಿಯಲ್ಲಿ ಮಳೆ ಹೊಡೆಯುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಕಾರವಾರದಿಂದ ಆಯಿ ಫೋನ್ ಮಾಡಿದರು. "ತಮಾ, ಟಿವಿಯಲ್ಲಿ ಆಟ ಬತ್ತಾ ಇಲ್ಲೆ. ನಿನ್ನ ಭಾವ ಮೂರು ದಿನದಿಂದ ಒದ್ದಾಡ್ತಾ ಇದ್ದ."

ಹಿನ್ನೆಲೆ ಇಷ್ಟು. ಭಾವನಿಗೆ ಕಾರವಾರಕ್ಕೆ ವರ್ಗವಾಗಿತ್ತು. ಕ್ವಾರ್ಟರ್ಸ್ ರಿಪೇರಿ ಮುಗಿದಿರಲಿಲ್ಲ. ಹಾಗಾಗಿ ಒಂದು ಲಾಡ್ಜಿನಲ್ಲಿ ತಿಂಗಳ ಲೆಕ್ಕದಲ್ಲಿ ರೂಮು ಹಿಡಿದಿದ್ದರು. ಆಯಿಗೆ ಮಂಡಿ ಆಪರೇಷನ್ ಆಗಿತ್ತು. ಅಲ್ಲೇ ಫಿಸಿಯೋಥೆರಪಿ ನಡೆಯುತ್ತಿದ್ದುದರಿಂದ ಅವರೂ ಅಕ್ಕನ ಜೊತೆಗಿದ್ದರು. ಹೊರಗೆ ಮಳೆ, ಮಂಡಿಗೆ ಪಟ್ಟಿ. ದಿನ ಕಳೆಯುವುದಕ್ಕೆ ಯೂಟ್ಯೂಬಿನ ಯಕ್ಷಗಾನ, ನಮ್ಮ ಮಾತಿನಲ್ಲಿ ಆಟ, ಬಿಟ್ಟರೆ ಬೇರೇನಿಲ್ಲ. ಲಾಡ್ಜಿನ ಟಿವಿಯಲ್ಲಿ ಕೇಬಲ್ ಮಾತ್ರ ಬರುತ್ತಿತ್ತು. ಅದಕ್ಕೇ ಭಾವ ಮನೆಯ ಸಾಮಾನಿನಲ್ಲಿದ್ದ ತಮ್ಮದೇ 43 ಇಂಚಿನ ಸ್ಮಾರ್ಟ್ ಟಿವಿಯನ್ನು ತಂದು ರೂಮಿನ ಮೇಜಿನ ಮೇಲೆ ಇಟ್ಟಿದ್ದರು. ಲಾಡ್ಜಿನವರು ಬೇಡ ಎಂದಿರಲಿಲ್ಲ.

ನಾನು ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ, ಸಣ್ಣ ಆಫೀಸುಗಳ ನೆಟ್‌ವರ್ಕ್ ಕೆಲಸ ಮಾಡುತ್ತೇನೆ. ಫೋನಿನಲ್ಲಿ ಹೇಳಿಕೊಟ್ಟು ಮುಗಿಸುವ ಕೆಲಸ ಇದು ಎಂದುಕೊಂಡೆ. ಅರ್ಧ ತಾಸಾದರೂ ಆಗಲಿಲ್ಲ. ಶುಕ್ರವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು, ದೇವಿಮನೆ ಘಟ್ಟ ಇಳಿದು, ಕುಮಟಾ ಮೇಲೆ ಕಾರವಾರಕ್ಕೆ ಹೋದೆ. ಹೇಗೂ ಆಯಿಯನ್ನು ನೋಡಬೇಕಿತ್ತು.

ಭಾವ ಮಾಡಿದ್ದೇನು

ಭಾವ ಸುಮ್ನೆ ಕೂತಿರಲಿಲ್ಲ. ಟಿವಿಯನ್ನು ಎರಡು ಸಲ ಫ್ಯಾಕ್ಟರಿ ರೀಸೆಟ್ ಮಾಡಿದ್ದರು. ಲಾಡ್ಜಿನ ವೈಫೈಗೆ ಪಾಸ್‌ವರ್ಡೇ ಇಲ್ಲ, ಹೆಸರು ಒತ್ತಿದರೆ ಕನೆಕ್ಟ್ ಆಗುತ್ತದೆ. ಟಿವಿಯೂ ಆಗುತ್ತಿತ್ತು. ಸಿಗ್ನಲ್ ಕಡ್ಡಿ ನಾಲ್ಕೂ ತುಂಬಿರುತ್ತಿದ್ದವು. ಕೆಳಗೆ ಮಾತ್ರ "ಇಂಟರ್ನೆಟ್ ಇಲ್ಲ" ಎಂಬ ಸಾಲು.

ಯೂಟ್ಯೂಬ್ ತೆರೆದರೆ ದಿನಾಂಕ ಮತ್ತು ಸಮಯ ಸರಿಯಿಲ್ಲ ಎಂಬ ಅರ್ಥದ ಸಂದೇಶ. ನೋಡಿದರೆ ಟಿವಿಯ ಗಡಿಯಾರ ಯಾವುದೋ ಹಳೆಯ ವರ್ಷದ ಜನವರಿ 1 ತೋರಿಸುತ್ತಿತ್ತು. ತೊಂದರೆ ಇದೇ ಎಂದು ಭಾವ ಕೈಯಾರೆ ದಿನಾಂಕ ಸರಿ ಮಾಡಿದರು. ಸಂದೇಶ ಹೋಯಿತು, ಆಟ ಬರಲಿಲ್ಲ. ಮರುದಿನ ಕರೆಂಟು ಹೋಗಿ ಬಂದಾಗ ಗಡಿಯಾರ ಮತ್ತೆ ಜನವರಿಗೆ ಹೋಗಿತ್ತು.

ಈ ಗಡಿಯಾರ ಅವರ ಒಂದು ದಿನ ತಿಂದಿತು. ಅದು ರೋಗವಲ್ಲ, ರೋಗದ ಗುರುತು. ಇಂಥ ಟಿವಿ ಸಮಯವನ್ನು ಇಂಟರ್ನೆಟ್ಟಿನಿಂದ ಪಡೆಯುತ್ತದೆ. ಕರೆಂಟು ಹೋದರೆ ಮರೆತುಬಿಡುತ್ತದೆ. ಹೊರಗಿನ ದಾರಿ ಮುಚ್ಚಿದ್ದರೆ ಸಮಯ ಸಿಗುವುದಿಲ್ಲ. ಸಮಯ ತಪ್ಪಿದ್ದರೆ ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರಗಳು ಅದಕ್ಕೆ ಸುಳ್ಳಿನಂತೆ ಕಾಣುತ್ತವೆ. ದಾರಿ ತೆರೆದರೆ ಗಡಿಯಾರ ತಾನಾಗಿ ಸರಿಯಾಗುತ್ತದೆ.

"ನಿಮ್ಮ ಫೋನಿಗೆ ವೈಫೈ ಹೇಗೆ ಬಂತು ಭಾವ?" ಎಂದು ಕೇಳಿದೆ.

"ಅದಕ್ಕೊಂದು ಪುಟ ಬರುತ್ತದೆ. ರೂಮ್ ನಂಬರ್, ಮೊಬೈಲ್ ನಂಬರ್ ಹಾಕಬೇಕು. ಒಟಿಪಿ ಬರುತ್ತದೆ. ದಿನಾ ಸಂಜೆ ಆಫೀಸಿನಿಂದ ಬಂದ ಮೇಲೆ ಮತ್ತೆ ಹಾಕಬೇಕು, ಭಾವ. ತಲೆನೋವು."

(ನಮ್ಮಲ್ಲಿ ಅಕ್ಕನ ಗಂಡ, ಹೆಂಡತಿಯ ತಮ್ಮ ಇಬ್ಬರೂ ಒಬ್ಬರಿಗೊಬ್ಬರು ಭಾವನೇ. ಮುಂದೆಯೂ ಹಾಗೇ ಓದಿಕೊಳ್ಳಿ.)

ತೊಂದರೆ ಏನೆಂದು ಅರ್ಧ ಇಲ್ಲೇ ಗೊತ್ತಾಯಿತು. ಉಳಿದರ್ಧ ಟಿವಿಯ ನೆಟ್‌ವರ್ಕ್ ಮಾಹಿತಿ ಪುಟದಲ್ಲಿತ್ತು. ಟಿವಿಗೆ 10.5.50 ರಿಂದ ಶುರುವಾಗುವ ಐಪಿ ವಿಳಾಸ ಸಿಕ್ಕಿತ್ತು. ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲು, 10.5.50.1. ಅಂದರೆ ವೈಫೈ, ವಿಳಾಸ ಹಂಚುವ ಕೆಲಸ ಎರಡೂ ಸರಿಯಿದ್ದವು. ಬಾಗಿಲಲ್ಲಿ ಯಾರೋ ತಡೆಯುತ್ತಿದ್ದರು. ವಿಳಾಸವೇ ಸಿಗದಿದ್ದರೆ ಅಥವಾ ಟಿವಿ "ಪಾಸ್‌ವರ್ಡ್ ತಪ್ಪು" ಎಂದಿದ್ದರೆ ಅದು ಬೇರೆ ಕಾಯಿಲೆ, ಈ ಬರಹದ ಉಪಾಯಗಳು ಅದಕ್ಕೆ ಆಗುವುದಿಲ್ಲ.

ಆ 10.5.50.1 ನೋಡಿ ನನಗೆ ಇನ್ನೊಂದು ಅನುಮಾನವೂ ಬಂತು. ಮೈಕ್ರೋಟಿಕ್ ಕಂಪನಿಯ ರೂಟರಿನಲ್ಲಿ ಇಂಥ ಲಾಗಿನ್ ವ್ಯವಸ್ಥೆ, ಅದರ ಭಾಷೆಯಲ್ಲಿ ಹಾಟ್‌ಸ್ಪಾಟ್, ಸೆಟಪ್ ಮಾಡುವಾಗ ಅದು ತಾನಾಗಿ ಸೂಚಿಸುವ ವಿಳಾಸ ಇದೇ. ಹಾಕಿದವನು ಬದಲಾಯಿಸದೆ ಹಾಗೇ ಬಿಟ್ಟಿರಬೇಕು. ಇದು ಆಮೇಲೆ ಕೆಲಸಕ್ಕೆ ಬಂತು.

ಮಾಜಾಳಿ ಗೇಟು

ಭಾವನಿಗೆ ಹೀಗೆ ವಿವರಿಸಿದೆ. ಗೋವಾಕ್ಕೆ ಹೋಗುವಾಗ ಮಾಜಾಳಿ ಚೆಕ್‌ಪೋಸ್ಟ್ ಸಿಗುತ್ತದೆ, ಅಲ್ವಾ? ಅಲ್ಲಿ ಒಬ್ಬ ರಿಜಿಸ್ಟರ್ ಹಿಡಿದು ನಿಂತಿದ್ದಾನೆ ಎಂದುಕೊಳ್ಳಿ. ನಿಮ್ಮ ಗಾಡಿ ನಿಲ್ಲಿಸಿ, ಒಂದು ಫಾರ್ಮ್ ಕೊಡುತ್ತಾನೆ. ತುಂಬಿದ ಮೇಲೆ ಅವನು ಬರೆದುಕೊಳ್ಳುವುದು ನಿಮ್ಮ ಮುಖವನ್ನಲ್ಲ, ಗಾಡಿ ನಂಬರನ್ನು. ಆಮೇಲೆ ಆ ನಂಬರಿನ ಗಾಡಿ ಎಷ್ಟು ಸಲ ಓಡಾಡಿದರೂ ಕೇಳುವುದಿಲ್ಲ. ನಿಮ್ಮದೇ ಇನ್ನೊಂದು ಗಾಡಿ ಬಂದರೆ ಮತ್ತೆ ಫಾರ್ಮ್ ಕೇಳುತ್ತಾನೆ. ಟಿವಿ ಆ ಇನ್ನೊಂದು ಗಾಡಿ. ಅದಕ್ಕೆ ಫಾರ್ಮ್ ತುಂಬುವ ಕೈ ಇಲ್ಲ.

ಗಾಡಿ ನಂಬರ್ ಅಂದರೆ ಮ್ಯಾಕ್ ವಿಳಾಸ. ಪ್ರತಿ ವೈಫೈ ಚಿಪ್ಪಿಗೂ ಇರುವ, ಎರಡೆರಡು ಅಕ್ಷರಗಳ ಆರು ಜೋಡಿಯ ಗುರುತು. ಲಾಗಿನ್ ಆದದ್ದು ಭಾವ ಎಂಬ ಮನುಷ್ಯನಲ್ಲ, ಅವರ ಫೋನಿನ ಮ್ಯಾಕ್. ಹೀಗೆ ತಡೆದು ನಿಲ್ಲಿಸುವ ಪುಟಕ್ಕೆ ಕ್ಯಾಪ್ಟಿವ್ ಪೋರ್ಟಲ್ ಎನ್ನುತ್ತಾರೆ.

ಫೋನಿಗೆ ಪುಟ ಬಂತು, ಟಿವಿಗೆ ಯಾಕೆ ಬರಲಿಲ್ಲ? ಆಂಡ್ರಾಯ್ಡ್ ಫೋನು ವೈಫೈ ಸೇರಿದ ಕೂಡಲೇ ಗೂಗಲ್‌ನ ಒಂದು ವಿಳಾಸಕ್ಕೆ ಹೋಗಿ ಖಾಲಿ ಉತ್ತರ ಬರುತ್ತದೆಯೇ ಎಂದು ನೋಡುತ್ತದೆ. ಆ ವಿಳಾಸದ ಕೊನೆಯಲ್ಲಿ `generate_204` ಎಂದಿರುತ್ತದೆ, 204 ಅಂದರೆ "ಸರಿ, ಆದರೆ ಕೊಡುವುದೇನೂ ಇಲ್ಲ" ಎಂಬ ಉತ್ತರದ ಸಂಖ್ಯೆ. ಗೇಟಿನವನು ಮಧ್ಯೆ ಕೈಹಾಕಿ ತನ್ನ ಲಾಗಿನ್ ಪುಟದ ಕಡೆ ತಿರುಗಿಸಿದರೆ ಉತ್ತರ ಬೇರೆಯಾಗುತ್ತದೆ. ಫೋನಿಗೆ ಕೂಡಲೇ ಗೊತ್ತಾಗಿ "Sign in to network" ಎಂದು ಪುಟ ತೆರೆಯುತ್ತದೆ. ಭಾವನ ಟಿವಿಯೂ ಇದೇ ತರಹದ ಪರೀಕ್ಷೆ ಮಾಡುತ್ತದೆ. ಉತ್ತರ ಬೇರೆ ಬಂದರೆ "ಇಂಟರ್ನೆಟ್ ಇಲ್ಲ" ಎಂದು ಹೇಳಿ ಸುಮ್ಮನಾಗುತ್ತದೆ. ಅದರಲ್ಲಿ ಬ್ರೌಸರೇ ಇಲ್ಲ. ಆ್ಯಪ್ ಹಾಕಿಕೊಳ್ಳೋಣ ಎಂದರೆ ಅದಕ್ಕೂ ಇಂಟರ್ನೆಟ್ ಬೇಕು.

ಬ್ರೌಸರ್ ಇರುವ ಟಿವಿಯವರಿಗೆ ಒಂದು ಮಾತು. ಅಲ್ಲಿಯೂ ಪುಟ ತಾನಾಗಿ ಬರದೆ ಇರಬಹುದು. ಈಗಿನ ತಾಣಗಳೆಲ್ಲ `https`. ಬೀಗ ಹಾಕಿದ ಆ ಮಾತುಕತೆಯಲ್ಲಿ ಗೇಟಿನವನು ಕೈಹಾಕಿದರೆ ಬ್ರೌಸರ್ ಎಚ್ಚರಿಕೆ ತೋರಿಸಿ ನಿಂತುಬಿಡುತ್ತದೆ, ಲಾಗಿನ್ ಪುಟ ಕಾಣುವುದಿಲ್ಲ. ಬೀಗವಿಲ್ಲದ ವಿಳಾಸ ಟೈಪ್ ಮಾಡಬೇಕು. `http://neverssl.com` ಇರುವುದೇ ಇದಕ್ಕೆ. ಅದೂ ಬೇಡವೆಂದರೆ ನೆಟ್‌ವರ್ಕ್ ಮಾಹಿತಿಯಲ್ಲಿ ಕಾಣುವ ಗೇಟ್‌ವೇ ವಿಳಾಸವನ್ನೇ, ನಮ್ಮಲ್ಲಾದರೆ `http://10.5.50.1` ಎಂದು, ಹಾಕಿ ನೋಡಬಹುದು. ಫೈರ್ ಟಿವಿ ಸ್ಟಿಕ್‌ನಂಥವು ಲಾಗಿನ್ ಪುಟವನ್ನು ತಾವೇ ತೆರೆದು ತೋರಿಸುತ್ತವೆ. ಭಾವನ ಬಳಿ ಅದಿರಲಿಲ್ಲ.

ಗೇಟಿನ ಲೆಕ್ಕದಲ್ಲಿ ನೋಡಿದರೆ ದಾರಿ ಮೂರೇ. ಟಿವಿಯನ್ನು ಈಗಾಗಲೇ ಒಪ್ಪಿಗೆ ಸಿಕ್ಕ ಗಾಡಿಯೊಳಗೆ ಕೂರಿಸುವುದು. ಟಿವಿಯ ನಂಬರ್ ಪ್ಲೇಟ್ ಹಾಕಿಕೊಂಡ ಬೇರೆ ಗಾಡಿಯಲ್ಲಿ ಹೋಗಿ ಫಾರ್ಮ್ ತುಂಬುವುದು. ಇಲ್ಲವೇ ರಿಜಿಸ್ಟರ್ ಇಟ್ಟವನಿಗೇ ಹೇಳಿ ನಂಬರ್ ಬರೆಸುವುದು. ಮೂರನೆಯದನ್ನು ಮೊದಲು ಮಾಡಬೇಕಿತ್ತು. ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಕೊನೆಗೆ ಮಾಡಿದೆ.

ಶುಕ್ರವಾರ ರಾತ್ರಿ: ಫೋನು

ಮೊದಲು ಭಾವ ಮಾಡಿ ನೋಡಿದ್ದನ್ನು ಹೇಳಿಬಿಡುತ್ತೇನೆ. ಫೋನಿನ ಮೊಬೈಲ್ ಡೇಟಾದಿಂದ ಹಾಟ್‌ಸ್ಪಾಟ್ ಕೊಟ್ಟಿದ್ದರು. ಟಿವಿ ಕೂಡಲೇ ಹಿಡಿಯಿತು. ಆದರೆ ಅವರ ಪ್ಯಾಕು ದಿನಕ್ಕೆ ಒಂದೂವರೆ ಜಿಬಿ. ದೊಡ್ಡ ಪರದೆ ಎಂದರೆ ಯೂಟ್ಯೂಬ್ ತಾನಾಗಿ ಜಾಸ್ತಿ ಗುಣಮಟ್ಟಕ್ಕೆ ಹೋಗುತ್ತದೆ. ಪೀಠಿಕೆ ಮುಗಿದು ಕಥೆ ಶುರುವಾಗುವ ಹೊತ್ತಿಗೆ ಡೇಟಾ ಖಾಲಿ.

ಫೋನಿನಿಂದ ಟಿವಿಗೆ ಕಾಸ್ಟ್ ಮಾಡಲೂ ನೋಡಿದ್ದರು. ಎರಡೂ ಒಂದೇ ವೈಫೈಯಲ್ಲಿದ್ದರೂ ಫೋನಿನ ಪಟ್ಟಿಯಲ್ಲಿ ಟಿವಿಯ ಹೆಸರೇ ಬರಲಿಲ್ಲ. ಇದು ಲಾಗಿನ್ ಪುಟದ ತೊಂದರೆಗಿಂತ ಬೇರೆ. ಲಾಡ್ಜುಗಳಲ್ಲಿ ಒಂದು ರೂಮಿನ ಸಾಧನ ಇನ್ನೊಂದು ರೂಮಿನದನ್ನು ಕಾಣದಂತೆ ಬೇರ್ಪಡಿಸಿಟ್ಟಿರುತ್ತಾರೆ, ಪಕ್ಕದ ರೂಮಿನವರು ನಿಮ್ಮ ಟಿವಿಯಲ್ಲಿ ತಮ್ಮ ಹಾಡು ಹಾಕಬಾರದಲ್ಲ. ಅದೇ ಗೋಡೆ ನಿಮ್ಮದೇ ಫೋನು, ಟಿವಿಗಳ ಮಧ್ಯೆಯೂ ನಿಲ್ಲುತ್ತದೆ. ಟಿವಿಗೆ ಲಾಗಿನ್ ಆದ ಮೇಲೂ ಇದು ಹಾಗೇ ಇರುತ್ತದೆ, ನೆನಪಿರಲಿ.

ನಾನು ಮಾಡಿದ್ದು ವೈಫೈಯನ್ನೇ ಹಾಟ್‌ಸ್ಪಾಟ್ ಆಗಿ ಹಂಚುವುದು. ಕೆಲವು ಆಂಡ್ರಾಯ್ಡ್ ಫೋನುಗಳು ಒಂದು ಕೈಯಲ್ಲಿ ಲಾಡ್ಜಿನ ವೈಫೈ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ತಮ್ಮ ಹಾಟ್‌ಸ್ಪಾಟ್ ಕೊಡುತ್ತವೆ. ಗೊತ್ತು ಮಾಡಿಕೊಳ್ಳುವುದು ಸುಲಭ. ವೈಫೈ ಆನ್ ಇರುವಾಗ ಹಾಟ್‌ಸ್ಪಾಟ್ ಒತ್ತಿ. ವೈಫೈ ತಾನಾಗಿ ಆಫ್ ಆದರೆ ನಿಮ್ಮ ಫೋನಿಗೆ ಬರುವುದಿಲ್ಲ. ಎರಡೂ ಆನ್ ಉಳಿದರೆ ಬರುತ್ತದೆ. ಭಾವನ ಫೋನು ಮೊದಲ ಜಾತಿ, ನನ್ನದು ಎರಡನೆಯದು. ರಿಸೆಪ್ಶನ್ನಿನಲ್ಲಿ ನನ್ನ ಹೆಸರು ಬರೆಸಿ, ನನ್ನ ನಂಬರಿನಲ್ಲಿ ಲಾಗಿನ್ ಆಗಿ, ಹಾಟ್‌ಸ್ಪಾಟ್ ಹಾಕಿದೆ.

ಟಿವಿಗೆ ಕಾಣಲೇ ಇಲ್ಲ. ಹತ್ತು ನಿಮಿಷ ತಲೆ ಕೆರೆದುಕೊಂಡೆ. ನನ್ನ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿತ್ತು, ಟಿವಿಗೆ 2.4 ಮಾತ್ರ ಗೊತ್ತು. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 2.4 ಮಾಡಿದ ಮೇಲೆ ಹೆಸರು ಕಂಡಿತು. ಕನೆಕ್ಟ್ ಆಗಿ ಅರ್ಧ ನಿಮಿಷದೊಳಗೆ ಗಡಿಯಾರ ಜನವರಿಯಿಂದ ಜುಲೈಗೆ ಜಿಗಿಯಿತು. ಅದನ್ನು ನೋಡಿಯೇ ನನಗೆ ಧೈರ್ಯ ಬಂತು. ಯೂಟ್ಯೂಬ್ ತೆರೆಯುವ ಮೊದಲೇ ದಾರಿ ತೆರೆದಿದೆ ಎಂದು ಗೊತ್ತಾಗುತ್ತದೆ.

ಗೇಟಿನವನಿಗೆ ಕಂಡದ್ದು ನನ್ನ ಫೋನು ಮಾತ್ರ. ಟಿವಿ ಒಳಗೆ ಕೂತ ಪ್ರಯಾಣಿಕ. ಆಯಿ ಆ ರಾತ್ರಿ ಹನ್ನೊಂದರವರೆಗೆ ಆಟ ನೋಡಿದರು. ಫೋನು ಕಾದ ಹಂಚಾಗಿತ್ತು. ಚಾರ್ಜರ್ ಚುಚ್ಚಿಟ್ಟು, ಕವರ್ ತೆಗೆದು, ಫ್ಯಾನಿನ ಕೆಳಗೆ ಇಟ್ಟಿದ್ದೆ. ಒಂದು ದಿನಕ್ಕೆ, ಎರಡು ದಿನಕ್ಕೆ ಇದು ಸಾಕು. ಆದರೆ ನಾನು ಸೋಮವಾರ ಹೋಗುವವನು, ನನ್ನ ಜೊತೆ ಫೋನೂ ಹೋಗುತ್ತದೆ.

ವಿಂಡೋಸ್ ಲ್ಯಾಪ್‌ಟಾಪ್ ಇದ್ದವರು ಇದನ್ನೇ ಅದರಲ್ಲಿ ಮಾಡಬಹುದು. ಸೆಟ್ಟಿಂಗ್ಸ್‌ನಲ್ಲಿ "Mobile hotspot" ಎಂದಿದೆ. ಯಾವುದನ್ನು ಹಂಚಬೇಕು ಎಂಬಲ್ಲಿ ವೈಫೈ, ಹೇಗೆ ಹಂಚಬೇಕು ಎಂಬಲ್ಲಿಯೂ ವೈಫೈ, ಬ್ಯಾಂಡ್ 2.4. ಲ್ಯಾಪ್‌ಟಾಪ್ ನಿದ್ದೆಗೆ ಹೋದರೆ ಟಿವಿಯೂ ಹೋಗುತ್ತದೆ, ಹಾಗಾಗಿ ಸ್ಲೀಪ್ ಆಫ್ ಮಾಡಿಡಬೇಕು. ಭಾವನದ್ದು ಆಫೀಸಿನ ಲ್ಯಾಪ್‌ಟಾಪ್. ಅದರಲ್ಲಿ ಈ ಗುಂಡಿಯನ್ನೇ ಒತ್ತಲು ಬಿಟ್ಟಿರಲಿಲ್ಲ.

ಶನಿವಾರ: ನಂಬರ್ ಪ್ಲೇಟು

ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ. ಅದಕ್ಕೆ ಟಿವಿಯ ಮ್ಯಾಕ್ ವಿಳಾಸ ಹಾಕಿ, ಲಾಗಿನ್ ಆಗಿ, ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿದರೆ ಟಿವಿ ನೇರ ಒಳಗೆ ಹೋಗುತ್ತದೆ. ಟಿವಿ ನಮ್ಮದೇ, ರೂಮು ನಮ್ಮದೇ, ಲಾಗಿನ್ ಆಗುವುದೂ ನಮ್ಮ ನಂಬರಿನಲ್ಲೇ. ಬೇರೆಯವರ ಮ್ಯಾಕ್ ಕದ್ದು ಹಾಕಿಕೊಳ್ಳುವುದು ಬೇರೆ ವಿಷಯ. ಅದನ್ನು ಮಾಡಬೇಡಿ, ಅದು ಕಳ್ಳತನವೇ.

ಲಾಡ್ಜಿನಲ್ಲಿ ಒಂದು ಮೊಬೈಲ್ ನಂಬರಿಗೆ ಎರಡೇ ಸಾಧನ. ಭಾವನ ನಂಬರಿನಲ್ಲಿ ಅವರದ್ದು, ಅಕ್ಕನದ್ದು ಆಗಲೇ ತುಂಬಿತ್ತು. ಆಯಿಯ ಗುಂಡಿ ಫೋನು ಕೆಲಸಕ್ಕೆ ಬಂತು. ಒಟಿಪಿ ಬರಲು ಮೆಸೇಜ್ ಬಂದರೆ ಸಾಕಲ್ಲ.

ಮೊದಲ ಸಲ ಎಡವಿದೆ. ಟಿವಿಯ ಹಿಂದಿನ ಸ್ಟಿಕ್ಕರಿನಲ್ಲಿದ್ದ ಮ್ಯಾಕ್ ಬರೆದುಕೊಂಡೆ. ಲಾಗಿನ್ ಆಯಿತು, ಲ್ಯಾಪ್‌ಟಾಪಿನಲ್ಲಿ ಇಂಟರ್ನೆಟ್ ಬಂತು. ಟಿವಿ ಹಾಕಿದರೆ ಮತ್ತೆ "ಇಂಟರ್ನೆಟ್ ಇಲ್ಲ". ಆಮೇಲೆ ಹೊಳೆಯಿತು, ಸ್ಟಿಕ್ಕರಿನದು ವೈರ್ ಚುಚ್ಚುವ ಕಿಂಡಿಯ ಮ್ಯಾಕ್. ಟಿವಿಗೆ ಎರಡು ಮ್ಯಾಕ್ ಇರುತ್ತವೆ, ವೈರಿಗೊಂದು, ವೈಫೈಗೊಂದು. ಟಿವಿಯನ್ನು ಆ ವೈಫೈಗೆ ಸೇರಿಸಿ, ನೆಟ್‌ವರ್ಕ್ ಮಾಹಿತಿ ಪುಟದಲ್ಲಿ ಕಾಣುವುದನ್ನೇ ಬರೆದುಕೊಳ್ಳಬೇಕು. ಫೋನುಗಳಲ್ಲಂತೂ ಇದು ಇನ್ನೂ ಗೋಜಲು. ಆಂಡ್ರಾಯ್ಡ್ 10ರಿಂದ, ಐಫೋನಿನಲ್ಲಿ ಐಓಎಸ್ 14ರಿಂದ ಒಂದೊಂದು ವೈಫೈಗೆ ಒಂದೊಂದು ಸುಳ್ಳು ಮ್ಯಾಕ್ ತೋರಿಸುವ ಅಭ್ಯಾಸ ಬಂದಿದೆ.

ಎರಡನೇ ಸಲ ಟಿವಿಯ ಪ್ಲಗ್ ಕಿತ್ತು, ಲ್ಯಾಪ್‌ಟಾಪಿನಲ್ಲಿ ಹೀಗೆ ಹಾಕಿದೆ. ವೈಫೈ ಹೆಸರು, ಮ್ಯಾಕ್ ಎರಡೂ ಇಲ್ಲಿ ಉದಾಹರಣೆಗೆ ಮಾತ್ರ:

```
nmcli connection modify "Guest-WiFi" wifi.cloned-mac-address AA:BB:CC:11:22:33
nmcli connection up "Guest-WiFi"
```

ಲಾಗಿನ್ ಪುಟ ಬಂತು. ಆಯಿಯ ಫೋನಿನ ಒಟಿಪಿ ಹಾಕಿದೆ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಕೂಡಲೇ ಟಿವಿ ಹಾಕಿದೆ. ಒಂದೇ ನಂಬರಿನ ಎರಡು ಗಾಡಿ ಒಟ್ಟಿಗೆ ಗೇಟಿನಲ್ಲಿ ಇರಬಾರದು. ಇದ್ದರೆ ಎರಡೂ ತಡವರಿಸುತ್ತವೆ. ಈ ಸಲ ಟಿವಿ ನೇರ ಒಳಗೆ ಹೋಯಿತು. ನಾನು ಬೀಗಿದೆ. (ವಿಂಡೋಸ್‌ನಲ್ಲಿ ಇದು ಎಷ್ಟೋ ಸಲ ಆಗುವುದಿಲ್ಲ. ವೈಫೈ ಡ್ರೈವರುಗಳು ಕಂಪನಿಯ ನಿಜವಾದ ಮ್ಯಾಕ್ ಹಾಕಲು ಬಿಡದೆ, ಎರಡನೇ ಅಕ್ಷರ 2, 6, A ಅಥವಾ E ಇರುವುದನ್ನು ಮಾತ್ರ ಒಪ್ಪುವುದು ಸಾಮಾನ್ಯ.)

ಬೀಗಿದ್ದು ಒಂದೂವರೆ ತಾಸು. ಕಾರವಾರದ ಮಳೆಗಾಲ, ಕರೆಂಟು ಹೋಯಿತು. ಐದು ನಿಮಿಷಕ್ಕೆ ಬಂತು. ಟಿವಿಯಲ್ಲಿ ಮತ್ತೆ "ಇಂಟರ್ನೆಟ್ ಇಲ್ಲ".

ಯಾಕೆಂದರೆ ಗೇಟಿನವನು ಆಗಾಗ ರಿಜಿಸ್ಟರ್ ನೋಡಿ "ಈ ಗಾಡಿ ಇನ್ನೂ ಇದೆಯಾ?" ಎಂದು ಕೂಗುತ್ತಾನೆ. ಸ್ವಲ್ಪ ಹೊತ್ತು ಉತ್ತರ ಬರದಿದ್ದರೆ ಹೆಸರು ಹೊಡೆದು ಹಾಕುತ್ತಾನೆ. ಮೈಕ್ರೋಟಿಕ್‌ನಲ್ಲಿ ಯಾರೂ ಬದಲಾಯಿಸದಿದ್ದರೆ ಈ ಅವಧಿ ಎರಡು ನಿಮಿಷ. ಲಾಡ್ಜಿನ ರೂಟರಿಗೆ ಇನ್ವರ್ಟರ್ ಇತ್ತು, ರೂಮಿನ ಪ್ಲಗ್ಗಿಗೆ ಇರಲಿಲ್ಲ. ಹಾಗಾಗಿ ಕರೆಂಟು ಹೋದಾಗಲೆಲ್ಲ ರೂಟರ್ ಎಚ್ಚರವಿದ್ದು ಟಿವಿಯನ್ನು ಮರೆಯುತ್ತಿತ್ತು. ಭಾವ ದಿನಾ ಸಂಜೆ ಒಟಿಪಿ ಹಾಕಬೇಕಾಗಿದ್ದೂ ಇದಕ್ಕೇ. ಅದನ್ನು ಮೊದಲ ದಿನವೇ ಹೇಳಿದ್ದರು, ನಾನೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಲಾಗಿನ್ ಎಷ್ಟು ಹೊತ್ತು ಉಳಿಯುತ್ತದೆ ಎಂದು ತಿಳಿಯದೆ ಈ ಉಪಾಯಕ್ಕೆ ಕೈಹಾಕಬಾರದು.

ಆ ದಿನ ನಾಲ್ಕು ಸಲ ಕರೆಂಟು ಹೋಯಿತು. ನಾಲ್ಕು ಸಲ ಪ್ಲಗ್ ಕಿತ್ತು, ಲ್ಯಾಪ್‌ಟಾಪ್ ತೆಗೆದು, ಆಯಿಯ ಫೋನು ಕೇಳಿ, ಒಟಿಪಿ ಹಾಕಿದೆ. ನಾಲ್ಕನೆಯ ಸಲ ಆಯಿ "ನೀ ಹೋದ ಮೇಲೆ ಇದನ್ನೆಲ್ಲ ಯಾರು ಮಾಡ್ತ?" ಎಂದರು. ಉತ್ತರ ಇರಲಿಲ್ಲ.

"ಒಂದು ಸಣ್ಣ ರೂಟರ್ ತಗೊಂಡುಬಿಡಲಾ ಭಾವ?" ಎಂದು ಭಾವ ಕೇಳಿದರು. ಅದೂ ಸರಿಯಾದ ದಾರಿಯೇ. ಟ್ರಾವೆಲ್ ರೂಟರ್ ಎಂದು ಮುಷ್ಟಿಯಷ್ಟು ದೊಡ್ಡವು ಸಿಗುತ್ತವೆ. ಅವು ಲಾಡ್ಜಿನ ವೈಫೈಯನ್ನು ಹಿಡಿದು ನಿಮ್ಮದೇ ಹೆಸರಿನ ಇನ್ನೊಂದು ವೈಫೈ ಕೊಡುತ್ತವೆ. ಸೆಟ್ಟಿಂಗ್‌ನಲ್ಲಿ ಇದಕ್ಕೆ "WISP" ಅಥವಾ "Repeater" ಎಂದಿರುತ್ತದೆ. ಫೋನಿನಿಂದ ಅದನ್ನು ಸೇರಿ ಲಾಗಿನ್ ಪುಟ ತುಂಬಿದರೆ ಗೇಟಿನಲ್ಲಿ ಬರೆಯುವುದು ಆ ರೂಟರಿನ ಮ್ಯಾಕ್. ಟಿವಿ, ಫೋನು ಎಲ್ಲ ಅದರ ಹೊಟ್ಟೆಯೊಳಗೆ. ಕಾಸ್ಟ್ ಕೂಡ ಆಗುತ್ತದೆ, ಏಕೆಂದರೆ ಲಾಡ್ಜಿನ ಗೋಡೆ ಹೊರಗೇ ಉಳಿಯುತ್ತದೆ. ಒಂದು ಮುಳ್ಳಿದೆ. ಲಾಗಿನ್ ಪುಟದ ಹೆಸರು ಒಳಗಿನ ಐಪಿ ವಿಳಾಸಕ್ಕೆ ತಿರುಗಿದರೆ ಕೆಲವು ರೂಟರುಗಳು ಮೋಸವೆಂದು ತಿಳಿದು ಆ ಉತ್ತರವನ್ನೇ ಎಸೆಯುತ್ತವೆ, ಪುಟ ಖಾಲಿ ಕಾಣುತ್ತದೆ. "DNS Rebinding" ಎಂಬ ರಕ್ಷಣೆಯನ್ನು ಲಾಗಿನ್ ಆಗುವವರೆಗೆ ಆಫ್ ಮಾಡಬೇಕು. ವರ್ಷವಿಡೀ ಲಾಡ್ಜು, ಹಾಸ್ಟೆಲ್ ಎಂದು ತಿರುಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ಭಾವನಿಗೆ ಬೇಡ ಎಂದೆ. ಇನ್ನು ಕೆಲವು ವಾರಕ್ಕೆ ಕ್ವಾರ್ಟರ್ಸ್ ಸಿಗುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಕೆಳಗಿನ ಮ್ಯಾನೇಜರನ್ನು ನಾವು ಇನ್ನೂ ಕೇಳಿಯೇ ಇರಲಿಲ್ಲ.

ಭಾನುವಾರ: ರಿಜಿಸ್ಟರ್ ಇಟ್ಟವನು

ಮ್ಯಾನೇಜರ್ ಒಳ್ಳೆಯ ಮನುಷ್ಯ. ಚಹಾ ತರಿಸಿದರು. "ಟಿವಿ ನಮ್ಮದಲ್ಲ ಅಲ್ವಾ ಸರ್?" ಎಂದು ಮೊದಲು ಕೇಳಿದರು. ಅಲ್ಲ ಎಂದೆ. "ಒಟಿಪಿ ಇಲ್ಲದೆ ಬಿಟ್ಟರೆ, ನಾಳೆ ಪೊಲೀಸರು ಬಂದು ಈ ಇಂಟರ್ನೆಟ್ ಯಾರು ಬಳಸಿದ್ದು ಎಂದು ಕೇಳಿದರೆ ನಾನೇನು ಹೇಳಲಿ?"

ಅವರ ಮಾತಿನಲ್ಲಿ ತಪ್ಪಿಲ್ಲ. ಒಟಿಪಿ ಇರುವುದೇ ಯಾರು ಯಾವಾಗ ಬಳಸಿದರು ಎಂದು ಬರೆದಿಡಲು. ಹಾಗಾಗಿ "ಒಟಿಪಿ ತೆಗೆಯಿರಿ" ಎಂದು ಕೇಳಬಾರದು. "ಈ ಒಂದು ಮ್ಯಾಕ್ ಹನ್ನೆರಡನೇ ರೂಮಿನದು, ರೂಮು ಇಂಥವರ ಹೆಸರಿನಲ್ಲಿದೆ, ಖಾಲಿ ಮಾಡುವ ದಿನ ತೆಗೆದುಬಿಡಿ" ಎಂದು ಕೇಳಬೇಕು. ಒಂದು ಚೀಟಿಯಲ್ಲಿ ಟಿವಿಯ ವೈಫೈ ಮ್ಯಾಕ್, ರೂಮ್ ನಂಬರ್, ಭಾವನ ಹೆಸರು, ಮೊಬೈಲ್ ನಂಬರ್ ಬರೆದು, ಸಹಿ ಹಾಕಿಸಿ ಕೊಟ್ಟೆ. ಬರವಣಿಗೆಯಲ್ಲಿ ಬಂದ ಕೂಡಲೇ ಮ್ಯಾನೇಜರ್ ಮೆತ್ತಗಾದರು. ನೆಟ್‌ವರ್ಕ್ ನೋಡಿಕೊಳ್ಳುವ ಅಂಕೋಲೆಯ ಹುಡುಗನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು.

"ಮೈಕ್ರೋಟಿಕ್ ಅಲ್ವಾ?" ಎಂದೆ. ಹುಡುಗ ಒಂದು ಕ್ಷಣ ಸುಮ್ಮನಿದ್ದು "ಹೌದು, ನಿಮಗೆ ಹೇಗೆ ಗೊತ್ತಾಯಿತು?" ಎಂದ. ವಿಳಾಸ ನೋಡಿ ಎಂದೆ. ನಕ್ಕ. ಆಮೇಲೆ ಮಾತು ಸುಲಭವಾಯಿತು.

ಅವನು ಮನೆಯಿಂದಲೇ ರೂಟರಿಗೆ ಹೋಗಿ, ಹಾಟ್‌ಸ್ಪಾಟಿನ "IP Bindings" ಎಂಬಲ್ಲಿ ಟಿವಿಯ ಮ್ಯಾಕ್ ಸೇರಿಸಿ, ಬಗೆ "bypassed" ಎಂದು ಆರಿಸಿದ. ಕಮಾಂಡಿನಲ್ಲಿ ಬರೆದರೆ ಒಂದೇ ಸಾಲು:

```
/ip hotspot ip-binding add mac-address=AA:BB:CC:11:22:33 type=bypassed comment="Room 12 TV"
```

ಹೀಗೆ ಬರೆದ ಗಾಡಿಗೆ ಗೇಟಿನಲ್ಲಿ ನಿಲ್ಲುವ ಕೆಲಸವೇ ಇಲ್ಲ. ಅವಧಿ ಮುಗಿಯುವುದಿಲ್ಲ, ಕರೆಂಟು ಹೋದರೂ ಹೆಸರು ಹೊಡೆಯುವುದಿಲ್ಲ.

"ಆದರೆ ಸರ್, ಇದಕ್ಕೆ ಸ್ಪೀಡಿನ ಮಿತಿಯೂ ಇರುವುದಿಲ್ಲ. ಒಂದೇ ಟಿವಿ ಎಲ್ಲ ಎಳೆದರೆ ಉಳಿದ ರೂಮಿನವರು ನನಗೆ ಬೈಯುತ್ತಾರೆ" ಎಂದ. ನಾನು ಇದನ್ನು ಮರೆತಿದ್ದೆ. ಲಾಗಿನ್ ಆದವರಿಗೆ ಮಿತಿ ಬರುವುದು ಅವರ ಲಾಗಿನ್ ಪ್ರೊಫೈಲಿನಿಂದ. ಲಾಗಿನ್ನೇ ಇಲ್ಲದವರಿಗೆ ಪ್ರೊಫೈಲೂ ಇಲ್ಲ. ಅವನು ಟಿವಿಗೆ ಯಾವಾಗಲೂ ಒಂದೇ ಐಪಿ ಸಿಗುವಂತೆ ಮಾಡಿ, ಆ ಐಪಿಗೆ ಬೇರೆಯಾಗಿ 6 ಎಂಬಿಪಿಎಸ್ ಮಿತಿ ಹಾಕಿದ. ಯೂಟ್ಯೂಬಿನ ಮಾಮೂಲಿ ಎಚ್‌ಡಿಗೆ ಅದು ಧಾರಾಳ. ರಂಗದ ಮೇಲಿನ ಬಣ್ಣ, ಕಿರೀಟ ಎಲ್ಲ ಚೆನ್ನಾಗಿಯೇ ಕಾಣುತ್ತದೆ.

ಹುಡುಗ "ಆಯಿತು" ಎಂದ ಮೇಲೂ ಟಿವಿಯಲ್ಲಿ ಏನೂ ಬದಲಾಗಲಿಲ್ಲ. ರಿಮೋಟಿನಲ್ಲಿ ಆಫ್ ಮಾಡಿ ಆನ್ ಮಾಡಿದೆ. ಇಲ್ಲ. ರಿಮೋಟಿನಿಂದ ಆಫ್ ಮಾಡಿದರೆ ಇಂಥ ಟಿವಿ ಕಣ್ಣು ಮುಚ್ಚಿಕೊಳ್ಳುತ್ತದೆ, ಮಲಗುವುದಿಲ್ಲ. ಹಳೆಯ ಸಂಪರ್ಕವನ್ನೇ ಹಿಡಿದುಕೊಂಡಿತ್ತು. ರೂಟರಿನಲ್ಲಿಯೂ ಅದರ ಹಳೆಯ ಗುರುತು "ಲಾಗಿನ್ ಆಗದವನು" ಎಂದೇ ಕೂತಿತ್ತು. ಹುಡುಗ ಆ ಸಾಲನ್ನು ಅಳಿಸಿದ, ನಾನು ಟಿವಿಯ ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿದೆ. ಗಡಿಯಾರ ಜುಲೈಗೆ ಬಂತು.

ಒಟ್ಟು ಇಪ್ಪತ್ತು ನಿಮಿಷ, ಚಹಾ ಸೇರಿ. ಶನಿವಾರವಿಡೀ ನಾನು ಮಾಡಿದ ಸರ್ಕಸ್ಸಿನ ಬಗ್ಗೆ ಮ್ಯಾನೇಜರಿಗೆ ಹೇಳಲಿಲ್ಲ. ಲ್ಯಾಪ್‌ಟಾಪಿಗೆ ಹಾಕಿದ್ದ ಟಿವಿಯ ಮ್ಯಾಕನ್ನು ಮಾತ್ರ ನೆನಪಿನಿಂದ ತೆಗೆದೆ. ಇಲ್ಲದಿದ್ದರೆ ನಾನು ವೈಫೈ ಹಾಕಿದಾಗಲೆಲ್ಲ ಆಯಿಯ ಆಟ ನಿಲ್ಲುತ್ತಿತ್ತು.

ಎರಡು ವಾರದ ನಂತರ

ಸೋಮವಾರ ಶಿರಸಿಗೆ ಬಂದೆ. ಎರಡು ವಾರ ಫೋನ್ ಇಲ್ಲ. ಒಂದು ರಾತ್ರಿ ಭಾವನ ಫೋನು ಬಂತು. "ಭಾವ, ಮತ್ತೆ ಜನವರಿ ಒಂದಕ್ಕೆ ಹೋಗಿದೆ."

ಕರೆಂಟಿನದು ಇರಲಾರದು. ಮ್ಯಾಕ್ ಬದಲಾಗಿಲ್ಲ. ಕೇಳುತ್ತಾ ಹೋದಾಗ ಗೊತ್ತಾಯಿತು, ಹನ್ನೆರಡನೇ ರೂಮಿನ ಮಾಡು ಸೋರಲು ಶುರುವಾಗಿ, ಹಿಂದಿನ ವಾರ ಇವರನ್ನು ಏಳನೇ ರೂಮಿಗೆ ಬದಲಾಯಿಸಿದ್ದರು. ಟಿವಿ ಅಲ್ಲಿಯೂ ಸರಿಯಾಗಿಯೇ ಓಡಿತ್ತು, ಏಕೆಂದರೆ ಗೇಟಿನವನಿಗೆ ರೂಮು ಮುಖ್ಯವಲ್ಲ, ಮ್ಯಾಕ್ ಮುಖ್ಯ. ಮಾಡು ರಿಪೇರಿಯಾಗಿ ಆ ದಿನ ಹನ್ನೆರಡಕ್ಕೆ ಹೊಸಬರು ಬಂದಿದ್ದಾರೆ. ಅಂಕೋಲೆಯ ಹುಡುಗ ಒಪ್ಪಿಕೊಂಡ ಮಾತಿನಂತೆ ಶಿಸ್ತಾಗಿ "Room 12 TV" ಎಂಬ ಸಾಲನ್ನು ಅಳಿಸಿಬಿಟ್ಟಿದ್ದಾನೆ.

ಅವನಿಗೆ ಫೋನ್ ಮಾಡಿದೆ. ಸಾಲು ಮತ್ತೆ ಸೇರಿಸಿದ. ಈ ಸಲ ಕಮೆಂಟಿನಲ್ಲಿ ರೂಮ್ ನಂಬರ್ ಬದಲು ಭಾವನ ಹೆಸರು, ಮೊಬೈಲ್ ನಂಬರ್ ಬರೆಸಿದೆ. ಭಾವ ಪ್ಲಗ್ ಕಿತ್ತು ಹಾಕಿದರು. ಫೋನಿನ ಹಿಂದೆ ಚಂಡೆಯ ಸದ್ದು ಕೇಳಿಸಿತು. ಆಯಿ "ಮೊದಲಿಂದ ಹಾಕಾ" ಎನ್ನುತ್ತಿದ್ದರು.